ಎಂಟು ಪ್ಯಾಟರ್ನ್‌ನಲ್ಲಿ ಮೂರೇ ಸಾಕಾಗಿದ್ದು: ರೋಲ್ ಕತ್ತರಿಸೋ ಲೆಕ್ಕದಲ್ಲಿ ಕಾಲಮ್ ಜನರೇಷನ್

ಕಾಲಮ್ ಜನರೇಷನ್ ಬಗ್ಗೆ ಓದಿದವರಿಗೆಲ್ಲ ಥಿಯರಿ ಒಂದು ಮಟ್ಟಕ್ಕೆ ಗೊತ್ತಿರುತ್ತೆ, ಆದ್ರೆ ಡ್ಯುಯಲ್ ವ್ಯಾಲ್ಯೂ ಸುತ್ತಿಂದ ಸುತ್ತಿಗೆ ಹೇಗೆ ಬದಲಾಗುತ್ತೆ, ಅದು ಬದಲಾಗಿದ್ದಕ್ಕೆ ಯಾವ ಕಾಲಮ್ ಒಳಗೆ ಬರುತ್ತೆ ಅನ್ನೋದನ್ನ ಒಂದು ಸಲ ಕೈಯಲ್ಲೇ ಲೆಕ್ಕ ಹಾಕಿ ನೋಡದೆ ವಿಷಯ ಸರಿಯಾಗಿ ಕೂರಲ್ಲ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ಇಲ್ಲಿ ಒಂದೇ ಒಂದು ಪ್ರಕರಣ ತಗೊಂಡು ಶುರುವಿಂದ ಕೊನೆವರೆಗೂ ಹೋಗ್ತೀನಿ. ಪೇಪರ್ ರೋಲ್ ಕತ್ತರಿಸೋ ಸಮಸ್ಯೆ, ಅಂದ್ರೆ ಕಟಿಂಗ್ ಸ್ಟಾಕ್. 1961ರಲ್ಲಿ ಐಬಿಎಂನ ಗಿಲ್ಮೋರ್ ಮತ್ತು ಗೊಮೊರಿ ಈ ವಿಧಾನವನ್ನ ಪ್ರಾಯೋಗಿಕವಾಗಿ ಕೆಲಸಕ್ಕೆ ಬರೋ ಹಾಗೆ ತೋರಿಸಿದ್ದು ಇದೇ ಸಮಸ್ಯೆ ಮೇಲೆ, ಹಾಗಾಗಿ ಶುರು ಮಾಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಪ್ರಕರಣ ಇಷ್ಟು. ದೊಡ್ಡ ರೋಲ್ 560 ಸೆಂಮೀ ಅಗಲ ಇದೆ. ಅದರಿಂದ 210 ಸೆಂಮೀ ಅಗಲದ ತುಂಡು 90, 160 ಸೆಂಮೀದು 150, 120 ಸೆಂಮೀದು 104 ಬೇಕು. ಎಷ್ಟು ಕಡಿಮೆ ದೊಡ್ಡ ರೋಲ್‌ನಲ್ಲಿ ಮುಗಿಸಬಹುದು? ಒಂದು ರೋಲನ್ನ ಕತ್ತರಿಸೋ ಒಂದೊಂದು ರೀತಿನೂ ಒಂದು ಪ್ಯಾಟರ್ನ್, ಅದನ್ನ (2,0,1) ಅಂತ ಬರೀತೀನಿ, ಅಂದ್ರೆ 210ರದ್ದು ಎರಡು, 160ರದ್ದು ಇಲ್ಲ, 120ರದ್ದು ಒಂದು. ಲೀನಿಯರ್ ಪ್ರೋಗ್ರಾಮ್‌ನಲ್ಲಿ ಪ್ರತಿ ಪ್ಯಾಟರ್ನ್‌ಗೂ ಒಂದು ವೇರಿಯಬಲ್, ಅಂದ್ರೆ ಒಂದು ಕಾಲಮ್, ಆ ಪ್ಯಾಟರ್ನ್‌ನಲ್ಲಿ ಎಷ್ಟು ರೋಲ್ ಕತ್ತರಿಸ್ತೀವಿ ಅನ್ನೋದು ಅದರ ಬೆಲೆ. ಪ್ರತಿ ಅಗಲಕ್ಕೂ ಒಂದು ಸಾಲು, ಬೇಕಾದಷ್ಟು ಅಥವಾ ಅದಕ್ಕಿಂತ ಜಾಸ್ತಿ ತುಂಡು ಬರಬೇಕು ಅಂತ. ಗುರಿ ಒಟ್ಟು ರೋಲ್ ಕಡಿಮೆ ಮಾಡೋದು.

ನಮ್ಮ ಪುಟ್ಟ ಪ್ರಕರಣದಲ್ಲಿ, ಇನ್ನೊಂದು ತುಂಡು ಹಿಡಿಸೋಕೆ ಜಾಗ ಉಳಿಯದ ಪ್ಯಾಟರ್ನ್‌ಗಳು ಎಂಟೇ ಇವೆ, ಎಲ್ಲಾ ಬರೆದುಬಿಡಬಹುದು. ಆದ್ರೆ 40 ಬೇರೆ ಬೇರೆ ಅಗಲ ಇದ್ದು, ಒಂದು ರೋಲ್‌ನಲ್ಲಿ ಯಾವುದಾದ್ರೂ ಹತ್ತು ತುಂಡು ಹಿಡಿಯುತ್ತೆ ಅಂದ್ಕೊಳ್ಳಿ, ಆಗ ಹತ್ತರ ಗುಂಪುಗಳೇ ಸುಮಾರು 821 ಕೋಟಿ ಆಗುತ್ತೆ. ಸಾಲು ಮಾತ್ರ 40. ಇಲ್ಲೇ ಮುಖ್ಯ ವಿಷಯ ಇರೋದು: ಸಾಲು 40 ಇದ್ರೆ ಬೇಸಿಸ್‌ನಲ್ಲಿ ಇರೋ ಕಾಲಮ್‌ಗಳೂ 40, ಉಳಿದ ಕೋಟಿಗಟ್ಟಲೆ ಕಾಲಮ್‌ಗಳೆಲ್ಲ ಉತ್ತರದಲ್ಲಿ ಸೊನ್ನೆ. ಸೊನ್ನೆ ಆಗೋದನ್ನ ಮೆಮೊರಿಗೆ ತುಂಬಿ ಏನು ಪ್ರಯೋಜನ, ಬೇಕಾದಾಗ ಹುಟ್ಟಿಸಿಕೊಂಡ್ರೆ ಸಾಕಲ್ವಾ.

ಶುರು ಮಾಡೋಕೆ ಒಂದು ಫೀಸಿಬಲ್ ಗುಂಪು ಬೇಕು. ಸುಲಭದ್ದು ಅಂದ್ರೆ ಒಂದೇ ಅಗಲದ ತುಂಡು ತುಂಬಿಸೋ ಪ್ಯಾಟರ್ನ್‌ಗಳು: (2,0,0), (0,3,0), (0,0,4). ಈ ಮೂರು ಕಾಲಮ್ ಮಾತ್ರ ಇರೋ ಚಿಕ್ಕ ಪ್ರೋಗ್ರಾಮ್‌ಗೆ ರಿಸ್ಟ್ರಿಕ್ಟೆಡ್ ಮಾಸ್ಟರ್ ಅಂತಾರೆ. ಸಾಲ್ವ್ ಮಾಡಿದ್ರೆ 45, 50, 26, ಒಟ್ಟು 121 ರೋಲ್. ಡ್ಯುಯಲ್ ವ್ಯಾಲ್ಯೂಗಳು 1/2, 1/3, 1/4. ಇದರ ಅರ್ಥ ನೇರವಾಗೇ ಇದೆ, 210ರ ತುಂಡು ಇನ್ನೊಂದು ಜಾಸ್ತಿ ಕೇಳಿದ್ರೆ ಈಗಿನ ಪ್ಲಾನ್‌ನಲ್ಲಿ ಅರ್ಧ ರೋಲ್ ಜಾಸ್ತಿ ಬೇಕು, ಯಾಕಂದ್ರೆ ಒಂದು ರೋಲ್‌ಗೆ ಎರಡೇ ಬರ್ತಿದೆ.

ಈಗ ಪ್ರೈಸಿಂಗ್. ಹೊಸ ಪ್ಯಾಟರ್ನ್ ಒಂದಕ್ಕೆ ಖರ್ಚು ಒಂದು ರೋಲ್, ಅದರಿಂದ ಸಿಗೋ ತುಂಡುಗಳನ್ನ ಈಗಿನ ಡ್ಯುಯಲ್ ಬೆಲೆಯಲ್ಲಿ ಕೂಡಿದ್ರೆ ಒಂದಕ್ಕಿಂತ ಜಾಸ್ತಿ ಬಂದ್ರೆ ಅದು ಲಾಭದ ಪ್ಯಾಟರ್ನ್. ರೆಡ್ಯೂಸ್ಡ್ ಕಾಸ್ಟ್ ಅಂದ್ರೆ ಇಲ್ಲಿ ಒಂದರಿಂದ ಆ ಮೊತ್ತ ಕಳೆದಿದ್ದು, ಅದು ನೆಗೆಟಿವ್ ಆಗಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ, 560 ಸೆಂಮೀ ಒಳಗೆ ಹಿಡಿಯೋ ಪ್ಯಾಟರ್ನ್‌ಗಳಲ್ಲಿ ಯಾವುದರ ಮೊತ್ತ ಅತಿ ಹೆಚ್ಚು? ಇದು ನ್ಯಾಪ್‌ಸ್ಯಾಕ್ ಸಮಸ್ಯೆ, ಮತ್ತೆ ಇಲ್ಲೇ ಈ ವಿಧಾನದ ಜೀವ ಇರೋದು, ಯಾಕಂದ್ರೆ ಕೋಟಿ ಪ್ಯಾಟರ್ನ್‌ಗಳನ್ನ ಒಂದೊಂದಾಗಿ ನೋಡೋ ಬದಲು ಡೈನಾಮಿಕ್ ಪ್ರೋಗ್ರಾಮಿಂಗ್‌ನಲ್ಲಿ ಅಗಲ ಗುಣಿಸು ತುಂಡಿನ ವಿಧ ಅಷ್ಟೇ ಹೆಜ್ಜೆಯಲ್ಲಿ ಎಲ್ಲದರ ಮೇಲಿನ ಗರಿಷ್ಠ ಸಿಕ್ಕಿಬಿಡುತ್ತೆ. 40 ಅಗಲ, 560 ಸೆಂಮೀ ಅಂದ್ರೂ 22,400 ಹೆಜ್ಜೆ ಅಷ್ಟೇ.

```python
def price(w, y, W):
    best = [0.0]*(W+1); pick = [-1]*(W+1)
    for c in range(1, W+1):
        best[c] = best[c-1]
        for i in range(len(w)):
            if w[i] <= c and best[c-w[i]] + y[i] > best[c] + 1e-9:
                best[c] = best[c-w[i]] + y[i]; pick[c] = i
    return best[W], pick
```

`w` ಅಗಲಗಳು, `y` ಡ್ಯುಯಲ್‌ಗಳು, ಕೊನೆಯಿಂದ `pick` ಹಿಡ್ಕೊಂಡು ಹಿಂದಕ್ಕೆ ಬಂದ್ರೆ ಪ್ಯಾಟರ್ನ್ ಸಿಗುತ್ತೆ, -1 ಇರೋ ಕಡೆ ಒಂದು ಹೆಜ್ಜೆ ಹಿಂದೆ ಬಂದ್ರೆ ಆಯ್ತು. ಅಗಲಗಳು ಪೂರ್ಣಾಂಕ ಆಗಿರಬೇಕು ಅನ್ನೋದು ಇಲ್ಲಿ ಕಡ್ಡಾಯ, ದಶಾಂಶ ಇದ್ರೆ ಮಿಲಿಮೀಟರ್‌ಗೆ ಬದಲಾಯಿಸಿಕೊಳ್ಳಿ. ನಮ್ಮ ಪ್ರಕರಣದಲ್ಲಿ ಎಲ್ಲಾ ಹತ್ತರ ಗುಣಕ, ಆದ್ರಿಂದ 21, 16, 12 ಮತ್ತು 56 ಅಂತ ತಗೊಂಡ್ರೂ ಅದೇ ಉತ್ತರ, ಟೇಬಲ್ ಹತ್ತು ಪಟ್ಟು ಚಿಕ್ಕದು.

1/2, 1/3, 1/4 ಹಾಕಿ ನೋಡಿದ್ರೆ ಅತಿ ಹೆಚ್ಚು ಬರೋದು (2,0,1)ಗೆ, ಮೊತ್ತ 1.25. ಎರಡು 210 ಹಾಕಿದ ಮೇಲೆ 140 ಸೆಂಮೀ ಸುಮ್ನೆ ಹೋಗ್ತಿತ್ತು, ಅದರಲ್ಲಿ 120ರದ್ದೊಂದು ಕೂರುತ್ತೆ ಅಂತ ಪ್ರೈಸಿಂಗ್ ತಾನೇ ಕಂಡ್ಕೊಳ್ತು. ಸೇರಿಸಿ ಮತ್ತೆ ಸಾಲ್ವ್ ಮಾಡಿದ್ರೆ (2,0,0) ಹೊರಗೆ ಹೋಗಿ ಒಟ್ಟು 109.75ಕ್ಕೆ ಇಳಿಯುತ್ತೆ. ಡ್ಯುಯಲ್‌ಗಳಲ್ಲಿ ಬದಲಾಗಿದ್ದು 210ರದ್ದು ಮಾತ್ರ, 0.5ರಿಂದ 0.375ಕ್ಕೆ ಬಿತ್ತು, ಯಾಕಂದ್ರೆ ಈಗ ಎರಡು 210ರ ಜೊತೆ ಕಾಲು ರೋಲ್ ಬೆಲೆಯ 120ರ ತುಂಡೂ ಸಿಗ್ತಿದೆ.

ಎರಡನೇ ಸುತ್ತು ನನಗೆ ತುಂಬ ಇಷ್ಟ ಆಗೋ ಭಾಗ. 210ರ ಬೆಲೆ ಬಿದ್ದ ತಕ್ಷಣ ಪ್ರೈಸಿಂಗ್‌ನ ಗಮನ ಪೂರ್ತಿ ಆ ಕಡೆಯಿಂದ ತಿರುಗಿಬಿಡುತ್ತೆ, ಈಗ ಗೆಲ್ಲೋದು (0,2,2), ಸರಿಯಾಗಿ 560 ತುಂಬೋ ಪ್ಯಾಟರ್ನ್, ಮೊತ್ತ 7/6. ಇದೇ ಪ್ಯಾಟರ್ನ್‌ಗೆ ಮೊದಲ ಸುತ್ತಲ್ಲೂ ಮೊತ್ತ 7/6 ಇತ್ತು, ಆಗಲೂ ಲಾಭದ್ದೇ, ಆದ್ರೆ 1.25 ಮುಂದೆ ಸೋತಿತ್ತು. ಇದನ್ನ ನೋಡಿದ್ರೆ ಒಂದು ಸುತ್ತಿಗೆ ಒಂದೇ ಕಾಲಮ್ ಸೇರಿಸಬೇಕು ಅಂತ ಏನೂ ಇಲ್ಲ ಅನ್ನೋದು ಅರ್ಥ ಆಗುತ್ತೆ, ಲಾಭದ್ದು ನಾಲ್ಕೈದು ಸಿಕ್ಕಿದ್ರೆ ಎಲ್ಲಾ ಸೇರಿಸಿ, ಮಾಸ್ಟರ್ ಸ್ವಲ್ಪ ದಪ್ಪ ಆಗುತ್ತೆ ಆದ್ರೆ ಸುತ್ತುಗಳು ಕಮ್ಮಿ ಆಗ್ತವೆ. (0,2,2) ಬಂದ ಮೇಲೆ (0,0,4) ಹೊರಗೆ, ಒಟ್ಟು 104.83, ಡ್ಯುಯಲ್‌ಗಳು 5/12, 1/3, 1/6.

ಮೂರನೇ ಸುತ್ತಲ್ಲಿ 120ರ ಬೆಲೆ ಬಿದ್ದಿದೆ, 210ರದ್ದು ಮತ್ತೆ ಸ್ವಲ್ಪ ಏರಿದೆ, ಹಾಗಾಗಿ (1,2,0) ಮೇಲೆ ಬರುತ್ತೆ, ಮೊತ್ತ 13/12. ಅದನ್ನ ಸೇರಿಸಿದಾಗ (0,3,0) ಹೊರಗೆ ಹೋಗುತ್ತೆ, ಉತ್ತರ (2,0,1) 26.8 ರೋಲ್, (0,2,2) 38.6, (1,2,0) 36.4, ಒಟ್ಟು 101.8. ಡ್ಯುಯಲ್‌ಗಳು 0.4, 0.3, 0.2. ಈ ಬೆಲೆಗಳಲ್ಲಿ ಪ್ರೈಸಿಂಗ್ ಮಾಡಿದ್ರೆ ಗರಿಷ್ಠ ಮೊತ್ತ ಸರಿಯಾಗಿ 1, ಅದು ಬರೋದೂ ಒಳಗಿರೋ ಮೂರಕ್ಕೇ. ಅಲ್ಲಿಗೆ ಮುಗೀತು. (1,1,1), (1,0,2), (0,1,3) ಈ ಮೂರು ಪ್ಯಾಟರ್ನ್ ಮಾಸ್ಟರ್ ಒಳಗೆ ಕಾಲಿಡಲೇ ಇಲ್ಲ, ಆದ್ರೂ ಅವುಗಳಿಂದ ಏನೂ ಪ್ರಯೋಜನ ಇಲ್ಲ ಅಂತ ಸಾಬೀತಾಯ್ತು, ಯಾಕಂದ್ರೆ ನ್ಯಾಪ್‌ಸ್ಯಾಕ್‌ನ ಗರಿಷ್ಠ ಅನ್ನೋದು ಅವುಗಳನ್ನೂ ಸೇರಿಸಿಯೇ ಲೆಕ್ಕ ಹಾಕಿದ್ದು. 821 ಕೋಟಿ ಇದ್ರೂ ಇದೇ ವಾದ, ಒಂದಕ್ಷರ ಬದಲಾಗಲ್ಲ.

ಇದರಿಂದ ಒಂದು ಎಚ್ಚರಿಕೆನೂ ಹುಟ್ಟುತ್ತೆ. ಮಧ್ಯದ ಸುತ್ತುಗಳಲ್ಲಿ ಪ್ರೈಸಿಂಗ್ ಅಂದಾಜಲ್ಲಿ ಮಾಡಿದ್ರೂ ಪರವಾಗಿಲ್ಲ, ಗ್ರೀಡಿ ವಿಧಾನದಲ್ಲಿ ಲಾಭದ ಕಾಲಮ್ ಒಂದು ಸಿಕ್ಕಿದ್ರೆ ಸೇರಿಸಿ ಮುಂದೆ ಹೋಗಿ, ಯಾರೂ ಬೇಡ ಅನ್ನಲ್ಲ. ಆದ್ರೆ ಗ್ರೀಡಿಗೆ ಏನೂ ಸಿಗಲಿಲ್ಲ ಅನ್ನೋದನ್ನ ನೋಡಿ ನಿಲ್ಲಿಸೋ ಹಾಗಿಲ್ಲ, ಕೊನೆ ಸಲ ಪ್ರೈಸಿಂಗನ್ನ ಪೂರ್ತಿ ನಿಖರವಾಗಿ ಸಾಲ್ವ್ ಮಾಡಲೇಬೇಕು, ಇಲ್ಲಾಂದ್ರೆ ನಿಮ್ಮ ಹತ್ರ ಇರೋದು ಒಂದು ಒಳ್ಳೆ ಪ್ಲಾನ್ ಅಷ್ಟೇ, ಆಪ್ಟಿಮಮ್ ಅಂತ ಹೇಳೋಕೆ ಆಧಾರ ಇಲ್ಲ.

ಇನ್ನು ಎಷ್ಟು ಹತ್ರ ಬಂದಿದ್ದೀವಿ ಅಂತ ಮಧ್ಯದಲ್ಲೇ ತಿಳ್ಕೊಳ್ಳೋಕೂ ದಾರಿ ಇದೆ. ಡ್ಯುಯಲ್‌ಗಳನ್ನೆಲ್ಲ ಪ್ರೈಸಿಂಗ್‌ನ ಗರಿಷ್ಠ ಮೊತ್ತದಿಂದ ಭಾಗಿಸಿದ್ರೆ ಯಾವ ಪ್ಯಾಟರ್ನ್‌ನ ಮೊತ್ತವೂ ಒಂದನ್ನ ದಾಟಲ್ಲ, ಅಂದ್ರೆ ಪೂರ್ತಿ ಸಮಸ್ಯೆಗೆ ಸರಿಯಾದ ಡ್ಯುಯಲ್ ಉತ್ತರ ಸಿಕ್ಕಿದ ಹಾಗೆ, ಹಾಗಾಗಿ ಮಾಸ್ಟರ್‌ನ ಒಟ್ಟನ್ನ ಆ ಗರಿಷ್ಠದಿಂದ ಭಾಗಿಸಿದ್ದು ಲೋವರ್ ಬೌಂಡ್. ನಮ್ಮ ಪ್ರಕರಣದಲ್ಲಿ ಅದು ಮೊದಲು 121/1.25 ಅಂದ್ರೆ 96.8, ಆಮೇಲೆ 94.07, ಆಮೇಲೆ 96.77, ಕೊನೆಗೆ ಒಂದೇ ಸಲ 101.8. ನೋಡಿ, ಮಾಸ್ಟರ್‌ನ ಮೌಲ್ಯ ಪ್ರತಿ ಸುತ್ತಲ್ಲೂ ಇಳೀತಾ ಬಂತು, ಬೌಂಡ್ ಮಾತ್ರ ಒಂದ್ಸಲ ಕೆಳಗೆ ಬಿದ್ದು ಆಮೇಲೆ ಏರ್ತು. ಅದು ತಪ್ಪಲ್ಲ, ಬೌಂಡ್ ಏರ್ತಾನೇ ಹೋಗಬೇಕು ಅನ್ನೋ ನಿಯಮ ಇಲ್ಲ, ಇಲ್ಲಿವರೆಗೆ ಸಿಕ್ಕಿದ್ದರಲ್ಲಿ ದೊಡ್ಡದನ್ನ ಇಟ್ಕೋಬೇಕು ಅಷ್ಟೇ. ಇಲ್ಲಿ ಒಟ್ಟು ಅಗಲವನ್ನ 560ರಿಂದ ಭಾಗಿಸಿದ್ರೆ ಬರೋ 98.9 ಅನ್ನೋ ಸಾದಾ ಬೌಂಡೇ ಮಧ್ಯದ ಸುತ್ತುಗಳಲ್ಲಿ ಇದಕ್ಕಿಂತ ಚೆನ್ನಾಗಿತ್ತು. ದೊಡ್ಡ ಸಮಸ್ಯೆಗಳಲ್ಲಿ ಇದರ ಉಪಯೋಗ ಜಾಸ್ತಿ, ರೋಲ್ ಸಂಖ್ಯೆ ಪೂರ್ಣಾಂಕ ಆಗಬೇಕಾದ್ರಿಂದ ಬೌಂಡ್ 312.1, ಮಾಸ್ಟರ್ 312.9 ಅಂತ ಬಂದ ಕ್ಷಣವೇ ಎರಡೂ ಮೇಲಕ್ಕೆ ಹೋದ್ರೆ 313, ಉಳಿದ ಸುತ್ತುಗಳು ಆ ಸಂಖ್ಯೆನ ಬದಲಾಯಿಸಲ್ಲ, ನಿಲ್ಲಿಸಬಹುದು. ಇದು ಮುಖ್ಯ, ಯಾಕಂದ್ರೆ ಕಾಲಮ್ ಜನರೇಷನ್‌ನ ದೊಡ್ಡ ಕಾಯಿಲೆ ಅಂದ್ರೆ ಬಾಲ ಎಳೆಯೋದು, ಮೊದಲ ಸುತ್ತುಗಳಲ್ಲಿ ದಡದಡ ಅಂತ ಇಳಿದು ಕೊನೆಗೆ ದಶಾಂಶದ ಮೂರನೇ ನಾಲ್ಕನೇ ಸ್ಥಾನದಲ್ಲಿ ತುಂಬ ಹೊತ್ತು ತೆವಳ್ತಾ ಇರುತ್ತೆ.

ಆ ತೆವಳಿಕೆಗೆ ಒಂದು ಕಾರಣ ಈ ಪುಟ್ಟ ಪ್ರಕರಣದಲ್ಲೂ ಕಣ್ಣಿಗೆ ಬೀಳುತ್ತೆ. 210ರ ಡ್ಯುಯಲ್ ಹೋದ ದಾರಿ ನೋಡಿ: 0.5, 0.375, 0.417, ಕೊನೆಗೆ 0.4. ಮೊದಲು ಜಾಸ್ತಿ, ಆಮೇಲೆ ಇರಬೇಕಾದ್ದಕ್ಕಿಂತ ಕಮ್ಮಿ, ಮತ್ತೆ ಜಾಸ್ತಿ. ಕಾಲಮ್‌ಗಳು ಕಡಿಮೆ ಇದ್ದಾಗ ಡ್ಯುಯಲ್‌ಗಳನ್ನ ಹಿಡಿದು ನಿಲ್ಲಿಸೋ ಕಟ್ಟುಪಾಡುಗಳೂ ಕಡಿಮೆ, ಅದಕ್ಕೇ ಈ ಓಲಾಟ, ನೂರಾರು ಸಾಲು ಇದ್ದಾಗ ಇದು ಜೋರಾಗಿ, ಆ ಅತಿರೇಕದ ಬೆಲೆಗಳಿಗೆ ತಕ್ಕ ಹಾಗೆ ಹುಟ್ಟಿದ ಕಾಲಮ್‌ಗಳು ಕೊನೆಗೆ ಬೇಸಿಸ್‌ನಲ್ಲಿ ಉಳಿಯೋದೇ ಇಲ್ಲ. ಸುಲಭದ ಪರಿಹಾರ ಏನಂದ್ರೆ, ಪ್ರೈಸಿಂಗ್‌ಗೆ ಈಗಿನ ಡ್ಯುಯಲ್‌ನ ಹಾಗೇ ಕೊಡದೆ, ಇಲ್ಲಿವರೆಗೆ ಅತ್ಯುತ್ತಮ ಬೌಂಡ್ ಕೊಟ್ಟ ಡ್ಯುಯಲ್ ಮತ್ತು ಈಗಿನದ್ದು ಇವೆರಡರ ಮಧ್ಯದ ಒಂದು ಬಿಂದು ಕೊಡೋದು. ಅಲ್ಲಿ ಸಿಕ್ಕ ಪ್ಯಾಟರ್ನನ್ನ ನಿಜವಾದ ಡ್ಯುಯಲ್‌ನಲ್ಲಿ ಮತ್ತೆ ತೂಗಿ ನೋಡಬೇಕು, ಲಾಭ ಇಲ್ಲ ಅಂತ ಬಂದ್ರೆ ಮಧ್ಯದ ಬಿಂದುವನ್ನ ಈಗಿನ ಡ್ಯುಯಲ್ ಕಡೆ ಸರಿಸಿ ಇನ್ನೊಮ್ಮೆ ಪ್ರಯತ್ನ. ಕೋಡ್‌ನಲ್ಲಿ ಕೆಲವೇ ಸಾಲಿನ ಬದಲಾವಣೆ, ಮೊದಲು ಇದನ್ನೇ ಹಾಕಿ ನೋಡಿ, ದೊಡ್ಡ ತಂತ್ರಗಳಿಗೆ ಆಮೇಲೆ ಕೈ ಹಾಕಿದ್ರಾಯ್ತು.

ಕೋಡ್ ಬರೆಯೋರಿಗೆ ಒಂದು ಗುರುತು ಹೇಳಿಬಿಡ್ತೀನಿ. ಮಾಸ್ಟರ್ ಆಪ್ಟಿಮಮ್ ಆದಾಗ ಅದರೊಳಗಿರೋ ಯಾವ ಕಾಲಮ್‌ನ ರೆಡ್ಯೂಸ್ಡ್ ಕಾಸ್ಟ್ ಕೂಡ ನೆಗೆಟಿವ್ ಇರೋಕೆ ಸಾಧ್ಯ ಇಲ್ಲ. ಹಾಗಾಗಿ ಪ್ರೈಸಿಂಗ್ ಆಗಲೇ ಒಳಗಿರೋ ಪ್ಯಾಟರ್ನನ್ನೇ ಲಾಭದ್ದು ಅಂತ ಮತ್ತೆ ಕೊಟ್ರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ. ಡ್ಯುಯಲ್‌ನ ಚಿಹ್ನೆ ಉಲ್ಟಾ ಆಗಿರಬಹುದು, ಕಾಲಮ್ ಸೇರಿಸಿದ ಮೇಲೆ ಮತ್ತೆ ಸಾಲ್ವ್ ಮಾಡದೆ ಹಳೇ ಡ್ಯುಯಲ್ ಓದ್ತಿರಬಹುದು, ಇಲ್ಲಾ ಮೊತ್ತ 1.0000000003 ಅಂತ ಬಂದು ಅದನ್ನ ಲಾಭ ಅಂತ ತಗೊಳ್ತಿರಬಹುದು. ಕೊನೆಯದಕ್ಕೆ 1ರ ಬದಲು 1.000001 ದಾಟಿದ್ರೆ ಮಾತ್ರ ಸೇರಿಸೋ ಹಾಗೆ ಮಾಡಿ. ಪ್ರತಿ ಹೊಸ ಪ್ಯಾಟರ್ನನ್ನ ಹಳೇ ಪಟ್ಟಿ ಜೊತೆ ಹೋಲಿಸಿ ನೋಡೋ ಒಂದು ಪರೀಕ್ಷೆ ಶಾಶ್ವತವಾಗಿ ಕೋಡ್‌ನಲ್ಲೇ ಇರಲಿ, ಅನಂತ ಲೂಪ್‌ಗೆ ಬೀಳೋದು ತಪ್ಪುತ್ತೆ.

ಈಗ ಪೂರ್ಣಾಂಕದ ವಿಷಯ. 26.8 ರೋಲ್ ಕತ್ತರಿಸೋಕೆ ಆಗಲ್ಲ. ಮೂರನ್ನೂ ಮೇಲಕ್ಕೆ ರೌಂಡ್ ಮಾಡಿದ್ರೆ 27, 39, 37, ಒಟ್ಟು 103. ಬೌಂಡ್ 101.8 ಆದ್ರಿಂದ 102ಕ್ಕಿಂತ ಕಮ್ಮಿ ಅಸಾಧ್ಯ, 102 ಆಗುತ್ತಾ? (1,2,0)ನ 36ಕ್ಕೇ ಇಳಿಸಿ ನೋಡಿ: 27, 39, 36. 210ರದ್ದು 54 ಮತ್ತು 36, ಸರಿಯಾಗಿ 90. 160ರದ್ದು 78 ಮತ್ತು 72, ಸರಿಯಾಗಿ 150. 120ರದ್ದು 27 ಮತ್ತು 78, 105, ಒಂದು ಜಾಸ್ತಿ. ಆಯ್ತು, 102, ಇದೇ ಆಪ್ಟಿಮಮ್. ಹುಟ್ಟಿಸಿದ ಕಾಲಮ್‌ಗಳ ಮೇಲೆ ಮಾತ್ರ ಇಂಟಿಜರ್ ಪ್ರೋಗ್ರಾಮ್ ಓಡಿಸಿದ್ರೆ ಇದೇ ಸಿಗ್ತಿತ್ತು, ಮತ್ತೆ ಕಟಿಂಗ್ ಸ್ಟಾಕ್‌ನಲ್ಲಿ ಈ ವಿಧಾನ ಸಾಮಾನ್ಯವಾಗಿ ಚೆನ್ನಾಗೇ ಕೆಲಸ ಮಾಡುತ್ತೆ, ಲೀನಿಯರ್ ಬೌಂಡ್ ಅಷ್ಟು ಬಿಗಿಯಾಗಿರುತ್ತೆ ಇಲ್ಲಿ. ಆದ್ರೆ ಅದು ಗ್ಯಾರಂಟಿ ಅಲ್ಲ, ಲೀನಿಯರ್ ಉತ್ತರಕ್ಕೆ ಬೇಡದ ಪ್ಯಾಟರ್ನ್ ಪೂರ್ಣಾಂಕದ ಉತ್ತರಕ್ಕೆ ಬೇಕಾಗಬಹುದು. ಇಲ್ಲಿ ಬೌಂಡ್ 102 ಅಂದಿತ್ತು, ನಮಗೆ 102 ಸಿಕ್ತು, ಅದಕ್ಕೇ ನಿಶ್ಚಿಂತೆ, ಎರಡೂ ತಾಳೆ ಆಗದಿದ್ರೆ ಬ್ರಾಂಚಿಂಗ್ ಮಾಡಬೇಕು, ಪ್ರತಿ ನೋಡ್‌ನಲ್ಲೂ ಮತ್ತೆ ಕಾಲಮ್ ಹುಟ್ಟಿಸ್ತಾ. ಅದಕ್ಕೆ ಬ್ರಾಂಚ್ ಅಂಡ್ ಪ್ರೈಸ್ ಅಂತ ಹೆಸರು.

ಅಲ್ಲಿ ಸಹಜವಾಗಿ ಹೊಳೆಯೋ ದಾರಿ ಕೈ ಕೊಡುತ್ತೆ. (0,2,2) 38.6 ಇದೆ, ಒಂದು ಕಡೆ 38ಕ್ಕಿಂತ ಜಾಸ್ತಿ ಬೇಡ, ಇನ್ನೊಂದು ಕಡೆ 39ಕ್ಕಿಂತ ಕಮ್ಮಿ ಬೇಡ ಅಂತ ಒಡೆದ್ವಿ ಅಂದ್ಕೊಳ್ಳಿ. 38ರ ಕಡೆ ಲೆಕ್ಕ ಮುಂದುವರಿಸಿದ್ರೆ (0,1,3) ಒಳಗೆ ಬಂದು ಒಟ್ಟು 101.85ಕ್ಕೆ ನಿಲ್ಲುತ್ತೆ, ಡ್ಯುಯಲ್‌ಗಳು 5/13, 4/13, 3/13. ಈ ಬೆಲೆಗಳನ್ನ ನ್ಯಾಪ್‌ಸ್ಯಾಕ್‌ಗೆ ಕೊಟ್ಟು ನೋಡಿ, ಗೆಲ್ಲೋದು ಯಾವುದು? (0,2,2)ನೇ, ಮೊತ್ತ 14/13. ನಾವು 38ಕ್ಕೆ ಕಟ್ಟಿಹಾಕಿದ ಕಾಲಮ್ಮೇ ಹೊಸ ಕಾಲಮ್ ವೇಷದಲ್ಲಿ ವಾಪಸ್ ಬರ್ತಿದೆ. ಕಾರಣ, 38ರ ಮಿತಿಗೂ ಒಂದು ಡ್ಯುಯಲ್ ಇದೆ, ಇಲ್ಲಿ ಅದು -1/13, ಅದನ್ನ ಸೇರಿಸಿದ್ರೆ (0,2,2)ನ ರೆಡ್ಯೂಸ್ಡ್ ಕಾಸ್ಟ್ ಸೊನ್ನೆ, ಆದ್ರೆ ಆ ಡ್ಯುಯಲ್ ಒಂದೇ ಒಂದು ಪ್ಯಾಟರ್ನ್‌ಗೆ ಸೇರಿದ್ದು, ತುಂಡಿನ ಲೆಕ್ಕದಲ್ಲಿ ಹಂಚೋಕೆ ಆಗಲ್ಲ, ಹಾಗಾಗಿ ನ್ಯಾಪ್‌ಸ್ಯಾಕ್‌ಗೆ ಅದು ಕಾಣಿಸೋದೇ ಇಲ್ಲ. ಎರಡನೇ ಅತ್ಯುತ್ತಮ ಪ್ಯಾಟರ್ನ್ ಹುಡುಕಿ ಅಂತ ಹೇಳಬಹುದು, ಆದ್ರೆ ಹತ್ತು ಬ್ರಾಂಚ್ ಕೆಳಗೆ ಹೋದ್ರೆ ಹನ್ನೊಂದನೇ ಅತ್ಯುತ್ತಮ ಹುಡುಕಬೇಕಾಗಬಹುದು.

ಪ್ರೈಸಿಂಗ್‌ನ ರಚನೆ ಕೆಡದ ಹಾಗೆ ಒಡೆಯೋದು ಸರಿಯಾದ ದಾರಿ. ಮೇಲಿನ ಡೈನಾಮಿಕ್ ಪ್ರೋಗ್ರಾಮನ್ನೇ 0ರಿಂದ 56ಕ್ಕೆ ಹೋಗೋ ದಾರಿ ಅಂತ ನೋಡಿ, ಪ್ರತಿ ತುಂಡೂ ಒಂದು ಜಿಗಿತ, 0ರಿಂದ 21ಕ್ಕೆ, 21ರಿಂದ 37ಕ್ಕೆ, ಹೀಗೆ, ಒಂದು ಪ್ಯಾಟರ್ನ್ ಅಂದ್ರೆ ಒಂದು ದಾರಿ. ಬ್ರಾಂಚ್ ಮಾಡಬೇಕಾದ್ದು ಇಡೀ ದಾರಿ ಮೇಲೆ ಅಲ್ಲ, ಒಂದು ಜಿಗಿತದ ಮೇಲೆ, ಉದಾಹರಣೆಗೆ 0ರಿಂದ 21ಕ್ಕೆ ಜಿಗಿಯೋ ರೋಲ್‌ಗಳು ಒಟ್ಟು 63ಕ್ಕಿಂತ ಜಾಸ್ತಿ ಬೇಡ ಅಂತ. ದೊಡ್ಡ ತುಂಡನ್ನ ಮೊದಲು ಇಡ್ತೀವಿ ಅಂದ್ರೆ ಈಗಿನ ಉತ್ತರದಲ್ಲಿ ಅದು 26.8 ಮತ್ತು 36.4 ಸೇರಿ 63.2, ಒಡೆಯೋಕೆ ಸರಿಯಾದ ಭಿನ್ನರಾಶಿ. 1999ರಲ್ಲಿ ವಲೇರಿಯು ಡಿ ಕಾರ್ವಾಲ್ಯು ಕಟಿಂಗ್ ಸ್ಟಾಕ್ ಮಾದರಿಯ ಸಮಸ್ಯೆಗೆ ತೋರಿಸಿದ ಆರ್ಕ್ ಫ್ಲೋ ದಾರಿ ಇದೇ. ಆ ಮಿತಿಯ ಡ್ಯುಯಲ್ ಆ ಒಂದು ಜಿಗಿತದ ಬೆಲೆಗೆ ಸೇರ್ಕೊಳ್ಳುತ್ತೆ. ಲೂಪ್‌ನಲ್ಲಿ `y[i]` ಇರೋ ಕಡೆ, ಎಲ್ಲಿಂದ ಜಿಗಿತಿದ್ದೀವಿ ಅನ್ನೋದನ್ನೂ ನೋಡಿ ಬೆಲೆ ಕೊಡೋ ಒಂದು ಟೇಬಲ್ ಇಟ್ಟು, ದೊಡ್ಡದು ಮೊದಲು ಅನ್ನೋ ಕ್ರಮ ಕಾಪಾಡೋಕೆ ತುಂಡುಗಳ ಲೂಪನ್ನ ಹೊರಗೆ ತಂದು, ಖಾಲಿ ಜಾಗ ದಾರಿಯ ಕೊನೆಯಲ್ಲಿ ಮಾತ್ರ ಬರೋ ಹಾಗೆ ನೋಡ್ಕೊಂಡ್ರೆ ಸಾಕು, ಎಷ್ಟು ಬ್ರಾಂಚ್ ಕೆಳಗೆ ಹೋದ್ರೂ ಪ್ರೈಸಿಂಗ್ ಅಷ್ಟೇ ಹೆಜ್ಜೆಯಲ್ಲಿ ಮುಗಿಯುತ್ತೆ.